ಹದಿನಾಲ್ಕನೇ ಪ್ರಶ್ನೆಯಲ್ಲಿ ಜಾಣ ಮಕ್ಕಳೇ ಏಕೆ ತಪ್ಪಿದರು?

ಕಿರುಪರೀಕ್ಷೆಯ ಉತ್ತರ ಪತ್ರಿಕೆ ಹಂಚಿದ ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೇಜಿನ ಹತ್ತಿರ ಬಂದು ನಿಂತಳು. 25ಕ್ಕೆ 22 ತೆಗೆದವಳು. ಅಂಕ ಕೇಳಿ ಜಗಳಕ್ಕೆ ಬರುವ ಸ್ವಭಾವದವಳಲ್ಲ. "ಸರ್, ಹದಿನಾಲ್ಕನೇದು ನಾನು ಬರೆದಿದ್ದು ಯಾಕೆ ತಪ್ಪು?" ಎಂದು ಕೇಳಿದಳು. ನಾನು ಕೀ ಉತ್ತರದ ಹಾಳೆ ನೋಡಿ, "ಸಿ ಅಲ್ವಾ ಸರಿ ಉತ್ತರ, ನೀನು ಡಿ ಬರೆದಿದ್ದೀಯಮ್ಮ" ಎಂದೆ. ಅವಳು ತಲೆಯಾಡಿಸಿ ಹೋಗಿ ಕೂತಳು. ಒಪ್ಪಿ ಹೋದವಳಂತೆ ಕಾಣಲಿಲ್ಲ. ಆ ಸಂಜೆ ಪತ್ರಿಕೆಗಳನ್ನು ಕಟ್ಟು ಕಟ್ಟಿ ಬೀರುವಿಗೆ ಸೇರಿಸುವ ಬದಲು ಮೇಜಿನ ಮೇಲೆಯೇ ಉಳಿಸಿಕೊಂಡೆ.

ನಮ್ಮ ಶಾಲೆಗಳಲ್ಲಿ ಪರೀಕ್ಷೆ ಮುಗಿದ ಮೇಲೆ ಮಕ್ಕಳಿಗೆ ಅಂಕ ಬರುತ್ತದೆ, ಪ್ರಶ್ನೆಗಳಿಗೆ ಬರುವುದಿಲ್ಲ. ಪ್ರಶ್ನೆ ಪತ್ರಿಕೆಗೆ ನೀಲನಕ್ಷೆ ಹಾಕುವಾಗ ಪ್ರತಿ ಪ್ರಶ್ನೆಯ ಮುಂದೆ ಸುಲಭ, ಸಾಧಾರಣ, ಕಠಿಣ ಎಂದು ಬರೆಯುತ್ತೇವಲ್ಲ, ಅದು ಪರೀಕ್ಷೆಗೆ ಮುಂಚಿನ ನಮ್ಮ ಊಹೆ. ಆ ಊಹೆ ನಿಜವಾಯಿತೇ ಎಂದು ಪರೀಕ್ಷೆ ಆದ ಮೇಲೆ ತಾಳೆ ನೋಡುವವರು ಕಡಿಮೆ. ತಾಳೆ ನೋಡಲು ಬೇಕಾದದ್ದು ಎರಡೇ ಸಂಖ್ಯೆ. ಬಿ.ಇಡಿ. ಓದಿದವರೆಲ್ಲ ಒಂದಲ್ಲ ಒಂದು ಹೆಸರಿನಲ್ಲಿ ಇವನ್ನು ಓದಿರುತ್ತಾರೆ. ಒಂದು ಕಠಿಣತಾ ಸೂಚ್ಯಂಕ, ಇನ್ನೊಂದು ತಾರತಮ್ಯ ಸೂಚ್ಯಂಕ. ಈ ಎರಡನೆಯದಕ್ಕೆ ಪುಸ್ತಕಕ್ಕೊಂದು ಹೆಸರಿದೆ. ನನಗೆ ತಾರತಮ್ಯ ಎಂಬ ಪದವೇ ಹಿಡಿಸುತ್ತದೆ, ತರ-ತಮವನ್ನು ಬೇರೆ ಮಾಡಿ ತೋರಿಸುವುದೇ ಅದರ ಕೆಲಸವಾದ್ದರಿಂದ.

ಆ ಸಂಜೆ ಮಾಡಿದ್ದನ್ನು ಮಾಡಿದಂತೆಯೇ ಹೇಳುತ್ತೇನೆ. ಎರಡು ವಿಭಾಗ ಸೇರಿ ಪರೀಕ್ಷೆ ಬರೆದವರು 74 ಮಕ್ಕಳು. ದ್ರವ್ಯದ ಪಾಠದ ಮೇಲೆ ಒಂದೊಂದು ಅಂಕದ 25 ಬಹುಆಯ್ಕೆ ಪ್ರಶ್ನೆಗಳು. ಮೊದಲು 74 ಪತ್ರಿಕೆಗಳನ್ನೂ ಒಟ್ಟು ಅಂಕದ ಪ್ರಕಾರ ಇಳಿಕೆಯ ಕ್ರಮದಲ್ಲಿ ಜೋಡಿಸಿದೆ. ಮೇಲಿನಿಂದ 20 ಪತ್ರಿಕೆ ಎಣಿಸಿ ಒಂದು ಕಡೆ, ಕೆಳಗಿನಿಂದ 20 ಎಣಿಸಿ ಇನ್ನೊಂದು ಕಡೆ ಇಟ್ಟೆ. ನಡುವಿನ 34 ಪತ್ರಿಕೆಗಳನ್ನು ಪಕ್ಕಕ್ಕೆ ಸರಿಸಿದೆ.

ಇಪ್ಪತ್ತೇ ಏಕೆ? ಅಮೆರಿಕದ ಮನಶ್ಶಾಸ್ತ್ರಜ್ಞ ಟ್ರೂಮನ್ ಕೆಲ್ಲಿ 1939ರಲ್ಲಿ ಈ ಲೆಕ್ಕವನ್ನು ಬಿಡಿಸಿದ್ದರು. ಎರಡು ಗುಂಪುಗಳ ನಡುವೆ ಅಂತರ ಎದ್ದು ಕಾಣಬೇಕಾದರೆ ತೀರಾ ತುದಿಯ ಕೆಲವೇ ಮಕ್ಕಳನ್ನು ತೆಗೆದುಕೊಳ್ಳಬೇಕು. ಆದರೆ ಗುಂಪು ಚಿಕ್ಕದಾದಷ್ಟೂ ಲೆಕ್ಕ ಅಲುಗಾಡುತ್ತದೆ. ಈ ಎರಡೂ ಎಳೆತಗಳು ಸಮವಾಗುವುದು ಮೇಲಿನ ಶೇ 27 ಮತ್ತು ಕೆಳಗಿನ ಶೇ 27ರ ಹತ್ತಿರ. 74ಕ್ಕೆ ಶೇ 27 ಎಂದರೆ 20. ಇದನ್ನು ವ್ರತದಂತೆ ಪಾಲಿಸಬೇಕಿಲ್ಲ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಹಲವರು ಮೂರನೇ ಒಂದು ಭಾಗವನ್ನೇ ಹಿಡಿಯುತ್ತಾರೆ. ತರಗತಿ ಚಿಕ್ಕದಾಗಿದ್ದರೆ ಅರ್ಧಕ್ಕರ್ಧ ಮಾಡಿದರೂ ನಡೆಯುತ್ತದೆ.

ಆಮೇಲೆ ಕೆಲಸ ಬರೀ ಗೆರೆ ಎಳೆಯುವುದು. ಗಣಿತದ ಮೇಡಂ ಪತ್ರಿಕೆ ಹಿಡಿದು ಒಂದೊಂದು ಪ್ರಶ್ನೆಗೆ ಮಗು ಬರೆದ ಅಕ್ಷರವನ್ನು ಓದುತ್ತಾ ಹೋದರು. ನಾನು ಎ, ಬಿ, ಸಿ, ಡಿ, ಖಾಲಿ ಎಂಬ ಐದು ಮನೆಗಳಲ್ಲಿ ಗೆರೆ ಹಾಕುತ್ತಾ ಬಂದೆ. ಮೇಲಿನ ಗುಂಪಿಗೆ ಒಂದು ಸಾಲು, ಕೆಳಗಿನ ಗುಂಪಿಗೆ ಒಂದು ಸಾಲು. ಸರಿ ಎಷ್ಟು, ತಪ್ಪು ಎಷ್ಟು ಎಂದು ಮಾತ್ರ ಎಣಿಸಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ. ಆದರೆ ತಪ್ಪಿದವರು ಎಲ್ಲಿಗೆ ಹೋದರು ಎನ್ನುವುದು ಕಾಣುವುದಿಲ್ಲ. ಪ್ರಶ್ನೆಯ ರೋಗ ಗೊತ್ತಾಗುವುದು ಅಲ್ಲೇ. 40 ಪತ್ರಿಕೆ ಮುಗಿಸಲು ನಮಗೆ ಒಂದೂವರೆ ಗಂಟೆ ಹಿಡಿಯಿತು.

ಲೆಕ್ಕ ಸುಲಭದ್ದು. ಎರಡೂ ಗುಂಪಿನಲ್ಲಿ ಸರಿ ಬರೆದವರನ್ನು ಕೂಡಿಸಿ 40ರಿಂದ ಭಾಗಿಸಿದರೆ ಕಠಿಣತಾ ಸೂಚ್ಯಂಕ. ಮೇಲಿನ ಗುಂಪಿನ ಸರಿಗಳಿಂದ ಕೆಳಗಿನ ಗುಂಪಿನ ಸರಿಗಳನ್ನು ಕಳೆದು 20ರಿಂದ ಭಾಗಿಸಿದರೆ ತಾರತಮ್ಯ ಸೂಚ್ಯಂಕ. ಮೊದಲನೆಯದು 0ಯಿಂದ 1ರವರೆಗೆ ಇರುತ್ತದೆ. ಇಲ್ಲಿ ಹೆಸರು ದಾರಿ ತಪ್ಪಿಸುತ್ತದೆ, ಎಚ್ಚರ ಬೇಕು. ಸಂಖ್ಯೆ ಹೆಚ್ಚಾದಷ್ಟೂ ಪ್ರಶ್ನೆ ಸುಲಭ. 0.90 ಎಂದರೆ ನೂರಕ್ಕೆ ತೊಂಬತ್ತು ಮಂದಿ ಸರಿ ಬರೆದಿದ್ದಾರೆ ಎಂದರ್ಥ. ಅದನ್ನು ಸುಲಭತಾ ಸೂಚ್ಯಂಕ ಎಂದು ಕರೆದಿದ್ದರೆ ಎಷ್ಟೋ ವಿದ್ಯಾರ್ಥಿ ಶಿಕ್ಷಕರ ತಲೆನೋವು ತಪ್ಪುತ್ತಿತ್ತು. ಎರಡನೆಯದು −1ರಿಂದ +1ರವರೆಗೆ ಓಡಾಡುತ್ತದೆ. ಪಾಠ ಗೊತ್ತಿದ್ದವರು ಹೆಚ್ಚು ಸರಿ ಬರೆದಿದ್ದರೆ ಸೊನ್ನೆಯಿಂದ ಮೇಲೆ, ಎರಡೂ ಗುಂಪು ಒಂದೇ ಆಗಿದ್ದರೆ ಸೊನ್ನೆ, ಪಾಠ ಗೊತ್ತಿದ್ದವರೇ ಹೆಚ್ಚು ತಪ್ಪಿದ್ದರೆ ಸೊನ್ನೆಯಿಂದ ಕೆಳಗೆ. ಪರೀಕ್ಷಾಶಾಸ್ತ್ರದಲ್ಲಿ ಹೆಸರು ಮಾಡಿದ ರಾಬರ್ಟ್ ಎಬೆಲ್ ಹಾಕಿಕೊಟ್ಟ ಅಳತೆ ಈಗಲೂ ಬಳಕೆಯಲ್ಲಿದೆ. ತಾರತಮ್ಯ 0.40 ದಾಟಿದರೆ ಪ್ರಶ್ನೆ ಬಹಳ ಚೆನ್ನಾಗಿದೆ, 0.30 ಮೇಲಿದ್ದರೆ ಸಾಕಷ್ಟು ಚೆನ್ನಾಗಿದೆ, 0.20ರಿಂದ 0.29 ಆದರೆ ತಿದ್ದಬೇಕಾಗಬಹುದು, ಅದಕ್ಕೂ ಕೆಳಗಾದರೆ ತಿದ್ದಲೇಬೇಕು ಇಲ್ಲವೇ ಬಿಡಬೇಕು.

ಈಗ ಹದಿನಾಲ್ಕನೇ ಪ್ರಶ್ನೆಗೆ ಬರೋಣ. ನಾನು ಬರೆದಿದ್ದ ಪ್ರಶ್ನೆ ಹೀಗಿತ್ತು: ಶುದ್ಧ ನೀರು ಎಷ್ಟು ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ? ಎ) 0. ಬಿ) 50. ಸಿ) 100. ಡಿ) ಸ್ಥಳದ ವಾಯುಒತ್ತಡಕ್ಕೆ ತಕ್ಕಂತೆ ಬದಲಾಗುತ್ತದೆ. ಕೀ ಉತ್ತರ ಸಿ. ಡಿ ಎಂಬುದನ್ನು ನಾನು ಸೇರಿಸಿದ್ದು ನಾಲ್ಕು ಆಯ್ಕೆ ತುಂಬಿಸಲು.

ಮೇಲಿನ ಗುಂಪಿನ 20 ಮಕ್ಕಳಲ್ಲಿ ಸಿ ಬರೆದವರು 7, ಡಿ ಬರೆದವರು 13. ಕೆಳಗಿನ ಗುಂಪಿನಲ್ಲಿ ಸಿ ಬರೆದವರು 12, ಡಿ ಬರೆದವರು 4, ಉಳಿದ ನಾಲ್ವರು ಎ ಮತ್ತು ಬಿ. ಕಠಿಣತಾ ಸೂಚ್ಯಂಕ 19 ಭಾಗ 40, ಅಂದರೆ 0.48ರ ಹತ್ತಿರ. ಇದಿಷ್ಟನ್ನೇ ನೋಡಿದವರು ಪ್ರಶ್ನೆ ಹದವಾಗಿದೆ, ಅರ್ಧ ತರಗತಿ ಬರೆದಿದೆ, ಅರ್ಧ ಬಿಟ್ಟಿದೆ ಎಂದು ಸಮಾಧಾನಪಡುತ್ತಾರೆ. ತಾರತಮ್ಯ ಸೂಚ್ಯಂಕ ಹೇಳುವ ಕಥೆಯೇ ಬೇರೆ. 7ರಿಂದ 12 ಕಳೆದು 20ರಿಂದ ಭಾಗಿಸಿದರೆ −0.25. ಪಾಠ ಹೆಚ್ಚು ತಿಳಿದವರಿಗೆ ಈ ಪ್ರಶ್ನೆ ಶಿಕ್ಷೆ ಕೊಟ್ಟಿದೆ.

ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ನಮ್ಮದು ಮಲೆನಾಡಿನ ಊರು, ಸಮುದ್ರ ಮಟ್ಟದಿಂದ ಸುಮಾರು 1,000 ಮೀಟರ್ ಎತ್ತರ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಕಡಿಮೆ. ಸುಮಾರು 300 ಮೀಟರ್ ಮೇಲೆ ಹೋದಂತೆಲ್ಲ ನೀರಿನ ಕುದಿಬಿಂದು ಒಂದೊಂದು ಡಿಗ್ರಿ ಇಳಿಯುತ್ತದೆ. ಪರೀಕ್ಷೆಗೆ ಮೂರು ವಾರ ಮುಂಚೆ ಪ್ರಯೋಗಾಲಯದಲ್ಲಿ ಬೀಕರಿನ ನೀರು ಕುದಿಸಿ ತೋರಿಸಿದ್ದೆ. ನೀರು ಗಳಗಳ ಕುದಿಯುತ್ತಿದ್ದರೂ ಥರ್ಮಾಮೀಟರಿನ ಪಾದರಸ 97ರ ಹತ್ತಿರ ನಿಂತುಬಿಟ್ಟಿತ್ತು. "100 ಆಗಲೇ ಇಲ್ವಲ್ಲ ಸರ್" ಎಂದು ಮಕ್ಕಳು ಕೇಳಿದ್ದರು. ಒತ್ತಡದ ವಿಷಯ ವಿವರಿಸಿದ್ದೆ. ಅದನ್ನು ಗಮನವಿಟ್ಟು ಕೇಳಿದ ಮಕ್ಕಳು ಡಿ ಬರೆದರು. ಕೇಳದವರು, ಹಿಂದಿನ ತರಗತಿಯಿಂದ ಬಾಯಿಪಾಠವಾಗಿ ಬಂದ 100 ಬರೆದರು. ನಾನು ಅಂಕ ಕೊಟ್ಟಿದ್ದು ಕೇಳದವರಿಗೆ.

ತಪ್ಪು ಪ್ರಶ್ನೆಯ ಒಡಲಲ್ಲೇ ಇತ್ತು. ಸಮುದ್ರ ಮಟ್ಟದ ವಾಯುಒತ್ತಡದಲ್ಲಿ ಎಂಬ ಮೂರು ಪದ ಬಿಟ್ಟಿದ್ದರಿಂದ ಒಂದಲ್ಲ, ಎರಡು ಉತ್ತರ ಸರಿಯಾಗಿಬಿಟ್ಟವು. ದೊಡ್ಡ ಪರೀಕ್ಷೆಗಳೂ ಈ ಹಳ್ಳಕ್ಕೆ ಬೀಳುತ್ತವೆ. 2024ರ ನೀಟ್‌ನಲ್ಲಿ ಪರಮಾಣುವಿನ ಬಗೆಗಿನ ಒಂದು ಭೌತಶಾಸ್ತ್ರದ ಪ್ರಶ್ನೆಗೆ ಎರಡು ಉತ್ತರಗಳನ್ನು ಸರಿ ಎಂದು ಒಪ್ಪಿ ಅಂಕ ಕೊಡಲಾಗಿತ್ತು. ವಿಷಯ ಸುಪ್ರೀಂ ಕೋರ್ಟ್ ಮುಟ್ಟಿತು. ದೆಹಲಿ ಐಐಟಿಯ ಮೂವರು ತಜ್ಞರು ಒಂದೇ ಉತ್ತರ ಸರಿ ಎಂದರು. 4 ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳ ಅಂಕ ಬದಲಾಗಿ ಫಲಿತಾಂಶವನ್ನೇ ಮತ್ತೆ ಪ್ರಕಟಿಸಬೇಕಾಯಿತು. ನಮ್ಮ ಸಿಇಟಿಯಲ್ಲಿ ತಾತ್ಕಾಲಿಕ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುವುದೂ ಇಂಥದ್ದಕ್ಕೇ. ತರಗತಿಯ ಕಿರುಪರೀಕ್ಷೆಗೆ ಆಕ್ಷೇಪಣೆ ಸಲ್ಲಿಸುವವರು ಇರುವುದಿಲ್ಲ. ಮೇಜಿನ ಹತ್ತಿರ ಬಂದು ನಿಲ್ಲುವ ಒಬ್ಬ ಹುಡುಗಿ ಇರುತ್ತಾಳೆ, ಅಷ್ಟೇ.

ಒಂಬತ್ತನೇ ಪ್ರಶ್ನೆಯಲ್ಲೂ ತಾರತಮ್ಯ ಸೊನ್ನೆಯಿಂದ ಕೆಳಗಿತ್ತು, −0.15. ಆದರೆ ರೋಗ ಬೇರೆ. ಒದ್ದೆ ಬಟ್ಟೆ ಒಣಗುವುದನ್ನು ನಿಧಾನ ಮಾಡುವುದು ಯಾವುದು ಎಂಬುದು ಪ್ರಶ್ನೆ. ಬಿ ಎಂದರೆ ತಾಪ ಹೆಚ್ಚುವುದು, ಸಿ ಎಂದರೆ ಗಾಳಿಯಲ್ಲಿ ತೇವಾಂಶ ಹೆಚ್ಚುವುದು. ಮೇಲಿನ ಗುಂಪಿನಲ್ಲಿ 16 ಮಕ್ಕಳು ಸಿ ಬರೆದಿದ್ದರು, ಬಿ ಬರೆದವರು ಇಬ್ಬರೇ. ಕೆಳಗಿನ ಗುಂಪಿನಲ್ಲಿ ಸಿ 7, ಬಿ 5. ನನ್ನ ಕೀ ಹಾಳೆಯಲ್ಲಿ ಬಿ ಎಂದಿತ್ತು. ಮಳೆಗಾಲದಲ್ಲಿ ಬಟ್ಟೆ ಒಣಗದ ಊರಿನ ಮಕ್ಕಳು ಸರಿಯಾಗಿಯೇ ಬರೆದಿದ್ದರು. ಕೀ ಬರೆಯುವಾಗ ಕೈತಪ್ಪಿದ್ದು ನನ್ನದು. ಕೀಯನ್ನು ಸಿ ಎಂದು ತಿದ್ದಿ ಮತ್ತೆ ಲೆಕ್ಕ ಹಾಕಿದರೆ ಕಠಿಣತೆ 23 ಭಾಗ 40, ಅಂದರೆ 0.58ರ ಹತ್ತಿರ, ತಾರತಮ್ಯ 0.45. ಪ್ರಶ್ನೆಯ ಒಂದು ಅಕ್ಷರವನ್ನೂ ಮುಟ್ಟಬೇಕಾಗಿರಲಿಲ್ಲ.

ಎರಡೂ ಪ್ರಶ್ನೆಗಳ ಸೂಚ್ಯಂಕ ಒಂದೇ ಥರ ಕೆಟ್ಟದಾಗಿತ್ತು. ಬೇರೆ ಮಾಡಿ ತೋರಿಸಿದ್ದು ಆಯ್ಕೆಗಳ ಪಟ್ಟಿ. ಮೇಲಿನ ಗುಂಪು ಬಹುತೇಕ ಒಟ್ಟಾಗಿ ಬೇರೊಂದೇ ಅಕ್ಷರಕ್ಕೆ ಹೋಗಿದ್ದರೆ ಮೊದಲು ಕೀ ಹಾಳೆಯನ್ನು ಅನುಮಾನಿಸಬೇಕು. ಮೇಲಿನ ಗುಂಪೇ ಎರಡು ಆಯ್ಕೆಗಳ ನಡುವೆ ಒಡೆದಿದ್ದರೆ ಪ್ರಶ್ನೆಯ ಮಾತನ್ನು ಅನುಮಾನಿಸಬೇಕು.

ಇನ್ನೊಂದು ಸಾಧ್ಯತೆಯಿದೆ, ಯಾವ ಕಡೆಯೂ ವಾಲದೆ ಎಲ್ಲ ಕಡೆ ಚದುರಿರುವುದು. ಇಪ್ಪತ್ತೊಂದನೇ ಪ್ರಶ್ನೆ ಗುಪ್ತೋಷ್ಣದ ಮೇಲಿನದು. ಮೇಲಿನವರಲ್ಲಿ 6 ಮಂದಿ ಸರಿ, ಕೆಳಗಿನವರಲ್ಲಿ 5. ಉಳಿದವರು ಮೂರು ತಪ್ಪು ಆಯ್ಕೆಗಳಿಗೂ ಹೆಚ್ಚುಕಮ್ಮಿ ಸಮನಾಗಿ ಹಂಚಿಹೋಗಿದ್ದರು. ಕಠಿಣತೆ 0.28ರ ಹತ್ತಿರ, ತಾರತಮ್ಯ 0.05. ನಾಲ್ಕು ಆಯ್ಕೆಗಳಿದ್ದಾಗ ಕಣ್ಣುಮುಚ್ಚಿ ಬರೆದರೂ ನಾಲ್ಕರಲ್ಲೊಬ್ಬರದು ಸರಿಯಾಗುತ್ತದೆ, ಅಂದರೆ 0.25. ಇಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ, ಎಲ್ಲರೂ ಊಹಿಸಿದ್ದರು. ಪ್ರಶ್ನೆಯನ್ನು ನಾಲ್ಕು ಸಲ ಓದಿದೆ. ಮಾತು ಸ್ಪಷ್ಟವಾಗಿತ್ತು, ಉತ್ತರ ಒಂದೇ ಇತ್ತು. ಪಾಠದ ದಿನಚರಿ ತೆಗೆದು ನೋಡಿದರೆ ಆ ಭಾಗಕ್ಕೆ ಬಂದ ವಾರ ಮಳೆ ರಜೆ. ರಜೆ ಮುಗಿದ ಮೇಲೆ ಎರಡೂ ವಿಭಾಗಗಳಲ್ಲಿ ಅದನ್ನು ಹತ್ತೇ ನಿಮಿಷದಲ್ಲಿ ಮುಗಿಸಿದ್ದೆ. ಆ ಪ್ರಶ್ನೆಯನ್ನು ಹಾಗೆಯೇ ಉಳಿಸಿಕೊಂಡೆ, ಪಾಠವನ್ನು ಮತ್ತೆ ಮಾಡಿದೆ. ಸೂಚ್ಯಂಕ ಕೆಟ್ಟದಾಗಿ ಬಂದ ಪ್ರಶ್ನೆಯನ್ನೆಲ್ಲ ತಿದ್ದಲು ಕೂತರೆ, ತಿದ್ದಬೇಕಾದ ಪಾಠ ತಪ್ಪಿಸಿಕೊಳ್ಳುತ್ತದೆ.

ಇಲ್ಲಿ ಗಣಿತದ ಮೇಡಂ ಒಂದು ಮಾತು ಎತ್ತಿದರು. "ಸರ್, ಮೊದಲನೇ ಪ್ರಶ್ನೆ ನೋಡಿ, 0.10 ಬಂದಿದೆ. ಎಬೆಲ್ ಲೆಕ್ಕದಲ್ಲಿ ಅದನ್ನ ಕಿತ್ತುಹಾಕಬೇಕಲ್ಲ?" ಮೊದಲನೆಯದು ಯಾವುದು ಘನವಸ್ತು ಎಂಬ ಸಲೀಸಾದ ಪ್ರಶ್ನೆ. ಮೇಲಿನ 20 ಮಂದಿಯೂ ಸರಿ, ಕೆಳಗಿನವರಲ್ಲಿ 18 ಸರಿ. ಕಠಿಣತೆ 0.95. ಅವರೇ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದರು. 40 ಮಂದಿಯಲ್ಲಿ ತಪ್ಪಿದವರೇ ಇಬ್ಬರು. ಆ ಇಬ್ಬರೂ ಕೆಳಗಿನ ಗುಂಪಿನಲ್ಲೇ ಇದ್ದಾರೆ. ಹಾಗಿರುವಾಗ ತಾರತಮ್ಯ ಗರಿಷ್ಠ ಎಂದರೂ 2 ಭಾಗ 20, ಅಂದರೆ 0.10. ಈ ಪ್ರಶ್ನೆ ತನ್ನ ಕೈಲಾದಷ್ಟನ್ನೂ ಮಾಡಿದೆ. ಅದನ್ನು 0.40ರ ಅಳತೆಗೋಲಿಗೆ ಹಿಡಿಯುವುದು ಅನ್ಯಾಯ.

ಈ ವಿಷಯ ಹೆಚ್ಚು ಜನರಿಗೆ ಗೊತ್ತಿರುವುದಿಲ್ಲ, ಹಾಗಾಗಿ ಸ್ವಲ್ಪ ನಿಲ್ಲುತ್ತೇನೆ. ಎರಡು ಸೂಚ್ಯಂಕಗಳು ಒಂದಕ್ಕೊಂದು ಸಂಬಂಧವಿಲ್ಲದ ಸಂಖ್ಯೆಗಳಲ್ಲ. ತಾರತಮ್ಯ 1ರವರೆಗೆ ಹೋಗಲು ಜಾಗ ಇರುವುದು ಕಠಿಣತೆ 0.50 ಇದ್ದಾಗ ಮಾತ್ರ. ಪ್ರಶ್ನೆ ತೀರಾ ಸುಲಭವಾದಂತೆ, ತೀರಾ ಕಷ್ಟವಾದಂತೆ ಆ ಜಾಗ ಎರಡೂ ತುದಿಯಲ್ಲಿ ಕಿರಿದಾಗುತ್ತಾ ಹೋಗುತ್ತದೆ. ಅದಕ್ಕೇ ಮೊದಲು ಕಠಿಣತೆಯನ್ನು ನೋಡಿ, ಆಮೇಲೆ ತಾರತಮ್ಯವನ್ನು ಓದಬೇಕು. ಊಹೆಯಿಂದ ಬರುವ ಸರಿ ಉತ್ತರಗಳನ್ನೂ ಲೆಕ್ಕಕ್ಕೆ ಹಿಡಿದರೆ ನಾಲ್ಕು ಆಯ್ಕೆಯ ಪ್ರಶ್ನೆಗೆ 0.25 ಮತ್ತು 1ರ ನಡುವಿನ ಮಧ್ಯಬಿಂದು, ಅಂದರೆ 0.62ರ ಆಸುಪಾಸು, ಹದವಾದ ಜಾಗ. ಆದರೆ ಪ್ರತಿ ಪ್ರಶ್ನೆಯೂ ಅಲ್ಲೇ ಇರಬೇಕೆಂಬ ಹಟ ತರಗತಿಗೆ ಹೊಂದುವುದಿಲ್ಲ. ಸಾವಿರಾರು ಮಂದಿಯಲ್ಲಿ ಕೆಲವರನ್ನು ಆರಿಸುವ ಪ್ರವೇಶ ಪರೀಕ್ಷೆಗೆ ತಾರತಮ್ಯವೇ ಮುಖ್ಯ. ಪಾಠ ಎಲ್ಲರಿಗೂ ಮುಟ್ಟಿತೇ ಎಂದು ನೋಡುವ ಕಿರುಪರೀಕ್ಷೆಯಲ್ಲಿ ಎಲ್ಲರೂ ಸರಿ ಬರೆದ ಪ್ರಶ್ನೆ ಒಳ್ಳೆಯ ಸುದ್ದಿ. ಮೊದಲನೇ ಪ್ರಶ್ನೆ ಉಳಿಯಿತು. ನಡುಗುವ ಕೈಯಲ್ಲಿ ಪೆನ್ನು ಹಿಡಿದ ಮಗುವಿಗೆ ಪತ್ರಿಕೆ ತೆರೆದ ಕೂಡಲೇ ಒಂದು ಗೊತ್ತಿರುವ ಪ್ರಶ್ನೆ ಸಿಗಲಿ ಎಂದೇ ನಾನದನ್ನು ಮೊದಲಿಗಿಟ್ಟಿದ್ದು.

ಚೆನ್ನಾಗಿ ಕಾಣುವ ಸಂಖ್ಯೆಯೂ ಮೋಸ ಮಾಡಬಲ್ಲದು. ಕೊನೆಯ, ಅಂದರೆ ಇಪ್ಪತ್ತೈದನೇ ಪ್ರಶ್ನೆಯ ತಾರತಮ್ಯ 0.50 ಬಂದಿತ್ತು. ಇಡೀ ಪತ್ರಿಕೆಯಲ್ಲೇ ಇದು ಮುಂದಿನ ಸಾಲಿನದು. ಮೇಲಿನವರಲ್ಲಿ 14 ಸರಿ, ಕೆಳಗಿನವರಲ್ಲಿ 4. ಖಾಲಿ ಎಂಬ ಮನೆ ನೋಡುವವರೆಗೂ ಖುಷಿಯಾಗಿದ್ದೆ. ಕೆಳಗಿನ ಗುಂಪಿನ 12 ಮಕ್ಕಳು ಅದನ್ನು ಮುಟ್ಟಿಯೇ ಇರಲಿಲ್ಲ. ಮುಟ್ಟಿದ ಎಂಟು ಮಂದಿಯಲ್ಲಿ ನಾಲ್ವರು ಸರಿ ಬರೆದಿದ್ದರು. ನಿಧಾನವಾಗಿ ಓದುವ ಮಕ್ಕಳಿಗೆ ಗಂಟೆ ಹೊಡೆಯುವಷ್ಟರಲ್ಲಿ ಅಲ್ಲಿಯವರೆಗೆ ಬರಲಾಗಿರಲಿಲ್ಲ. ಆ 0.50ರಲ್ಲಿ ವಿಜ್ಞಾನದ ತಿಳಿವೆಷ್ಟು, ಓದುವ ವೇಗವೆಷ್ಟು ಎಂದು ಬಿಡಿಸಲು ಬರುವುದಿಲ್ಲ. ಪ್ರಶ್ನೆಯನ್ನು ತಿದ್ದಲಿಲ್ಲ, ಮುಂದಿನ ಪರೀಕ್ಷೆಯಲ್ಲಿ ಅದನ್ನು ಎಂಟನೇ ಜಾಗಕ್ಕೆ ತಂದೆ, ಪತ್ರಿಕೆಯಿಂದ ಮೂರು ಪ್ರಶ್ನೆ ಕಡಿಮೆ ಮಾಡಿದೆ.

ಈ ಸಂಖ್ಯೆಗಳನ್ನು ಎಷ್ಟು ನಂಬಬಹುದು? ಗುಂಪಿನಲ್ಲಿ 20 ಮಕ್ಕಳಿದ್ದಾಗ ಒಂದೇ ಮಗುವಿನ ಉತ್ತರ ಬದಲಾದರೆ ತಾರತಮ್ಯ 0.05 ಏರುತ್ತದೆ ಅಥವಾ ಇಳಿಯುತ್ತದೆ. ಇದೇ ಪ್ರಶ್ನೆಯನ್ನು ಇಂಥದ್ದೇ ಇನ್ನೊಂದು ಶಾಲೆಯ ಮಕ್ಕಳಿಗೆ ಕೊಟ್ಟರೆ 0.15ರಷ್ಟು ಆಚೀಚೆ ಆಗುವುದರಲ್ಲಿ ಆಶ್ಚರ್ಯವಿಲ್ಲ. ಹೀಗಿರುವಾಗ 0.28 ಬಂದದ್ದನ್ನು ತಿದ್ದು, 0.32 ಬಂದದ್ದನ್ನು ಬಿಡು ಎಂದು ಗೆರೆ ಕೊಯ್ಯುವುದಕ್ಕೆ ಅರ್ಥವಿಲ್ಲ. 30 ಮಕ್ಕಳ ತರಗತಿಯಾದರೆ ಗುಂಪಿಗೆ ಎಂಟೇ ಮಂದಿ. ಅಲ್ಲಿ ಸೊನ್ನೆಗಿಂತ ಸ್ಪಷ್ಟವಾಗಿ ಕೆಳಗಿಳಿದ ಪ್ರಶ್ನೆ, ಯಾರೂ ಮುಟ್ಟದ ಆಯ್ಕೆ, ಮೇಲಿನ ಗುಂಪು ಒಡೆದ ಪ್ರಶ್ನೆ, ಇಷ್ಟನ್ನು ಮಾತ್ರ ನೋಡಿ, ಉಳಿದದ್ದನ್ನು ಬರೆದಿಟ್ಟುಕೊಂಡು ಮರುವರ್ಷದ ಸಂಖ್ಯೆಯೊಂದಿಗೆ ಸೇರಿಸಿ ನೋಡುವುದೇ ಸರಿ.

ಇನ್ನೊಂದು ಮಿತಿ ಇದಕ್ಕಿಂತ ಆಳದ್ದು. ಮೇಲಿನವರು, ಕೆಳಗಿನವರು ಎಂದು ವಿಂಗಡಿಸಿದ್ದು ಇದೇ ಪತ್ರಿಕೆಯ ಒಟ್ಟು ಅಂಕದಿಂದ. ಪತ್ರಿಕೆಯ ಇಪ್ಪತ್ತನಾಲ್ಕು ಪ್ರಶ್ನೆಗಳು ಬಾಯಿಪಾಠ ಕೇಳಿ, ಒಂದೇ ಒಂದು ಯೋಚನೆ ಕೇಳಿದರೆ ಆ ಒಂದರ ತಾರತಮ್ಯ ಕಡಿಮೆ ಬರಬಹುದು. ಸೂಚ್ಯಂಕ ಅದನ್ನು ಕೆಟ್ಟ ಪ್ರಶ್ನೆ ಎಂದು ತೋರಿಸುತ್ತದೆ, ನಿಜಕ್ಕೂ ಪತ್ರಿಕೆಯಲ್ಲಿ ಒಳ್ಳೆಯದು ಅದೊಂದೇ ಆಗಿರುತ್ತದೆ. ಯಾವ ಪ್ರಶ್ನೆಯ ಹತ್ತಿರ ಹೋಗಿ ಕೂರಬೇಕು ಎಂದು ಸಂಖ್ಯೆ ತೋರಿಸಿಕೊಡುತ್ತದೆ. ಅಲ್ಲಿ ಕೂತು ಪ್ರಶ್ನೆಯನ್ನು ಓದಬೇಕಾದವರು ಪಾಠ ಮಾಡಿದವರೇ.

ವಿವರಣಾತ್ಮಕ ಪ್ರಶ್ನೆಗೂ ಇದೇ ಲೆಕ್ಕ ಸಲ್ಲುತ್ತದೆ. ಸರಿ ಬರೆದವರ ಸಂಖ್ಯೆಯ ಜಾಗದಲ್ಲಿ ಗುಂಪು ಗಳಿಸಿದ ಅಂಕಗಳನ್ನಿಡಬೇಕು. ನಾಲ್ಕು ಅಂಕದ ಪ್ರಶ್ನೆಗೆ 20 ಮಕ್ಕಳು ಸೇರಿ ಗಳಿಸಬಹುದಾದ್ದು 80. ಮೇಲಿನ ಗುಂಪು 62, ಕೆಳಗಿನ ಗುಂಪು 22 ಗಳಿಸಿದ್ದರೆ ತಾರತಮ್ಯ 40 ಭಾಗ 80, ಅಂದರೆ 0.50.

ಮಕ್ಕಳ ಅಂಕದ ವಿಷಯ ಬಾಕಿಯಿತ್ತು. ಮರುದಿನ ಎಲ್ಲ 74 ಪತ್ರಿಕೆಗಳನ್ನೂ ವಾಪಸ್ ತೆಗೆದುಕೊಂಡು ಒಂಬತ್ತನೇ ಪ್ರಶ್ನೆಗೆ ತಿದ್ದಿದ ಕೀಯಂತೆ, ಹದಿನಾಲ್ಕನೆಯದಕ್ಕೆ ಸಿ ಬರೆದವರಿಗೂ ಡಿ ಬರೆದವರಿಗೂ ಅಂಕ ಕೊಟ್ಟೆ. ಒಂಬತ್ತಕ್ಕೆ ಬಿ ಬರೆದವರ ಒಂದು ಅಂಕ ಹೋಯಿತು. ಏಕೆ ಹೋಯಿತೆಂದು ತರಗತಿಯಲ್ಲೇ ಹೇಳಿದೆ, ಯಾರೂ ಬೇಸರಪಡಲಿಲ್ಲ. ಒಟ್ಟು ಅಂಕ ಬದಲಾದ್ದರಿಂದ ಗಡಿಯಲ್ಲಿದ್ದ ಕೆಲವರ ಗುಂಪೂ ಬದಲಾಯಿತು. ಆ ಪತ್ರಿಕೆಗಳನ್ನು ಮಾತ್ರ ಮತ್ತೆ ಎಣಿಸಿದೆ.

ಹದಿನಾಲ್ಕನೇ ಪ್ರಶ್ನೆಯನ್ನು ತಿದ್ದಲು ಎರಡು ದಾರಿಗಳಿದ್ದವು. ಸಮುದ್ರ ಮಟ್ಟದ ವಾಯುಒತ್ತಡದಲ್ಲಿ ಎಂದು ಸೇರಿಸಿ ಡಿಯನ್ನು ತೆಗೆದುಹಾಕುವುದು ಸುಲಭದ ದಾರಿ. ಹಾಗೆ ಮಾಡಿದರೆ ಮತ್ತೆ ಬಾಯಿಪಾಠವೇ ಗೆಲ್ಲುತ್ತಿತ್ತು. ಮಕ್ಕಳು ಪ್ರಯೋಗಾಲಯದಲ್ಲಿ ಕಂಡದ್ದನ್ನೇ ಕೇಳೋಣವೆಂದು ಹೊಸದಾಗಿ ಬರೆದೆ. ಮಡಿಕೇರಿಯಲ್ಲಿ ತೆರೆದ ಪಾತ್ರೆಯ ಶುದ್ಧ ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ? ಎ) ಸರಿಯಾಗಿ 100ರಲ್ಲಿ. ಬಿ) 100ಕ್ಕಿಂತ ಕಡಿಮೆ, ಅಲ್ಲಿ ವಾಯುಒತ್ತಡ ಕಡಿಮೆ. ಸಿ) 100ಕ್ಕಿಂತ ಕಡಿಮೆ, ಅಲ್ಲಿ ಚಳಿ ಹೆಚ್ಚು. ಡಿ) 100ಕ್ಕಿಂತ ಬಹಳ ಹೆಚ್ಚು. ಸಿ ಆಯ್ಕೆ ಹೊಳೆದದ್ದು ಹಿಂದಿನ ವರ್ಷ ಹುಡುಗನೊಬ್ಬ ಹೇಳಿದ ಮಾತಿನಿಂದ. ಒಳ್ಳೆಯ ತಪ್ಪು ಆಯ್ಕೆಗಳು ಮಕ್ಕಳ ಬಾಯಿಂದಲೇ ಬರುತ್ತವೆ, ನಾವು ಕೂತು ಕಲ್ಪಿಸಿದವು ಸಾಮಾನ್ಯವಾಗಿ ಯಾರನ್ನೂ ಸೆಳೆಯುವುದಿಲ್ಲ.

ಮರುವರ್ಷ 70 ಮಕ್ಕಳು ಬರೆದರು. ಗುಂಪಿಗೆ 19 ಮಂದಿ. ಮೇಲಿನವರಲ್ಲಿ 15, ಕೆಳಗಿನವರಲ್ಲಿ 6 ಮಂದಿ ಸರಿ. ಕಠಿಣತೆ 0.55, ತಾರತಮ್ಯ 0.47. ಕೆಳಗಿನ ಗುಂಪಿನ 9 ಮಕ್ಕಳು ಚಳಿಯ ಆಯ್ಕೆಗೆ ಹೋಗಿದ್ದರು. ಹೊರಗೆ ಚಳಿಯಿದ್ದರೆ ನೀರು ಬೇಗ ಕುದಿಯುತ್ತದೆ ಎಂಬ ಭಾವನೆ ಅಷ್ಟು ಜನರಲ್ಲಿ ಇದೆಯೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಮರುದಿನದ ಪಾಠ ಅಲ್ಲಿಂದಲೇ ಶುರುವಾಯಿತು. ಎರಡೂ ಗುಂಪಿನ 38 ಮಂದಿಯಲ್ಲಿ ಒಬ್ಬರೂ ಡಿ ಬರೆದಿರಲಿಲ್ಲ. ಯಾರನ್ನೂ ಸೆಳೆಯದ ಆಯ್ಕೆಯಿದ್ದರೆ ಅದು ನಾಲ್ಕು ಆಯ್ಕೆಯ ಪ್ರಶ್ನೆಯಲ್ಲ, ಮೂರು ಆಯ್ಕೆಯದು. ಹಾಗಾಗಿ ಆ ಸಾಲನ್ನು ಮಾತ್ರ 100ಕ್ಕಿಂತ ಹೆಚ್ಚು, ಅಲ್ಲಿ ಗಾಳಿ ತೆಳು ಎಂದು ಬದಲಿಸಿದೆ.

ಈಗ ನನ್ನ ಹತ್ತಿರ ಪ್ರಶ್ನೆಗೊಂದು ರಟ್ಟಿನ ಚೀಟಿ ಇದೆ. ಮುಂದೆ ಪ್ರಶ್ನೆ, ಹಿಂದೆ ವರ್ಷ, ಬರೆದ ಮಕ್ಕಳ ಸಂಖ್ಯೆ, ಎರಡು ಸೂಚ್ಯಂಕ, ಆಯ್ಕೆಗಳ ಪಟ್ಟಿ, ಮತ್ತು ಏನು ತಿದ್ದಿದೆ ಎಂಬ ಒಂದು ಸಾಲು. ಪತ್ರಿಕೆ ತೆಗೆಯುವಾಗ ಸುಲಭ, ಸಾಧಾರಣ, ಕಠಿಣ ಎಂದು ಊಹಿಸಿ ಬರೆಯುವುದನ್ನು ಬಿಟ್ಟು ಚೀಟಿಯ ಹಿಂಭಾಗ ನೋಡಿ ಬರೆಯುತ್ತೇನೆ. ಎಲ್ಲ ಪರೀಕ್ಷೆಗೂ ಇಷ್ಟು ಮಾಡಲು ನಮ್ಮಲ್ಲಿ ಯಾರಿಗೂ ಸಮಯವಿಲ್ಲ, ನನಗೂ ಇಲ್ಲ. ಶಿಕ್ಷಕ ಮಿತ್ರರಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ. ಮುಂದಿನ ಕಿರುಪರೀಕ್ಷೆಯ ಅಂಕಗಳನ್ನು ರಿಜಿಸ್ಟರಿಗೆ ಏರಿಸುವ ಮುನ್ನ ಅತಿ ಹೆಚ್ಚು ಅಂಕದ ಹತ್ತು ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿ, ಅವರಲ್ಲಿ ಐವರಿಗಿಂತ ಹೆಚ್ಚು ಮಂದಿ ತಪ್ಪಿದ ಪ್ರಶ್ನೆ ಇದೆಯೇ ನೋಡಿ. ಇದ್ದರೆ ಆ ಒಂದು ಪ್ರಶ್ನೆಗೆ ಮಾತ್ರ ಎ, ಬಿ, ಸಿ, ಡಿ ಗೆರೆ ಹಾಕಿ.